ಕಾಗದ ಎಲ್ಲಿಗೆ ಹೋಗಿ ಬಂತು?

2017ರ ಸೆಪ್ಟೆಂಬರಿನಲ್ಲಿ ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ ಒಂದು ಸುದ್ದಿ ಬಿತ್ತರಿಸಿತು. ಅಲ್ಲಿನ ದೊಡ್ಡ ತೈಲ ಕಂಪನಿ ಸ್ಟಾಟಾಯಿಲ್‌ನ ಒಳಗಿನ ಕಾಗದಗಳು ಗೂಗಲ್ ಹುಡುಕಾಟದಲ್ಲಿ ಯಾರಿಗೆ ಬೇಕಾದರೂ ಸಿಗುತ್ತಿದ್ದವು. ಕೆಲಸದಿಂದ ತೆಗೆಯುವ ನೋಟಿಸು, ಕರಾರು ಪತ್ರ, ಪಾಸ್‌ವರ್ಡ್, ಎಲ್ಲವೂ ಅದರಲ್ಲಿದ್ದವು. ಯಾವ ಹ್ಯಾಕರ್ ಕೂಡ ಇದಕ್ಕೆ ಕೈ ಹಾಕಿರಲಿಲ್ಲ. ನೌಕರರು Translate.com ಎಂಬ ಉಚಿತ ಅನುವಾದ ತಾಣದಲ್ಲಿ ಆ ಬರಹಗಳನ್ನು ಅಂಟಿಸಿ ಅನುವಾದ ಮಾಡಿಕೊಂಡಿದ್ದರು, ಅಷ್ಟೇ. ತಾಣ ಅವನ್ನು ಉಳಿಸಿಟ್ಟುಕೊಂಡಿತ್ತು. ಉಳಿಸಿಟ್ಟ ಪುಟಗಳನ್ನು ಗೂಗಲ್ ತನ್ನ ಹುಡುಕಾಟದ ಪಟ್ಟಿಗೆ ಸೇರಿಸಿಕೊಂಡಿತ್ತು.

ಇಂಥ ಅಪಾಯ ದೊಡ್ಡ ಕಂಪನಿಗಳಿಗಷ್ಟೇ ಸೀಮಿತವಲ್ಲ. ಕರ್ನಾಟಕದ ತಾಲ್ಲೂಕು ಕೇಂದ್ರಗಳ ವಕೀಲರ ಕಚೇರಿಗಳಲ್ಲಿ ಮನೆತನಗಳ ಒಳಗುಟ್ಟು ಕನ್ನಡದಲ್ಲೇ ಇರುತ್ತದೆ. ವಿಭಾಗ ಪತ್ರ, ಉಯಿಲು, ಜೀವನಾಂಶದ ಅರ್ಜಿ, ಸಾಕ್ಷಿಯ ಹೇಳಿಕೆ. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋದರೆ ಇವನ್ನೆಲ್ಲ ಇಂಗ್ಲಿಷಿಗೆ ತರಬೇಕು. ಮಗ ಅಮೆರಿಕದಲ್ಲಿದ್ದು ಅಲ್ಲಿನ ವಲಸೆ ಇಲಾಖೆ ಕಾಗದ ಕೇಳಿದರೂ ಇಂಗ್ಲಿಷ್ ಬೇಕು. ಸಮಯ ಮಾತ್ರ ಯಾವಾಗಲೂ ಕಡಿಮೆ.

ಧಾರವಾಡದ ಕಡೆಯ ಅಂಥದೊಂದು ಕಚೇರಿಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಮೇಜಿನ ಮೇಲೆ ಹನ್ನೆರಡು ಪುಟದ ವಿಭಾಗ ಪತ್ರ. ಅದರಲ್ಲಿ ಮೂವರು ಅಣ್ಣತಮ್ಮಂದಿರು ಮತ್ತು ಒಬ್ಬ ತಂಗಿಯ ಹೆಸರು, ಸರ್ವೆ ನಂಬರುಗಳು, ಚಕ್ಕುಬಂದಿ, ಯಾರು ಯಾರಿಗೆ ಎಷ್ಟು ಹಣ ಕೊಡಬೇಕೆಂಬ ಲೆಕ್ಕ ಇದೆ. ನಾಳೆ ಬೆಳಿಗ್ಗೆಯೊಳಗೆ ಇಂಗ್ಲಿಷಿನ ಕರಡು ದೆಹಲಿಯ ವಕೀಲರಿಗೆ ಹೋಗಬೇಕು.

ಗುಮಾಸ್ತ ಮೊದಲು ಯೋಚಿಸುವುದು ಯಾವ ತಾಣ ಚೆನ್ನಾಗಿ ಅನುವಾದ ಮಾಡುತ್ತದೆ ಎಂದು. ಆದರೆ ಗುಟ್ಟು ಹೊರಗೆ ಹೋಗುವುದು ಹೆಚ್ಚಾಗಿ ಅದಕ್ಕೂ ಮೊದಲೇ. ವಿಭಾಗ ಪತ್ರವನ್ನು ಹಿಂದೆ ಟೈಪ್ ಮಾಡಿದ್ದು ನುಡಿ ಅಥವಾ ಬರಹದ ಹಳೆಯ ಅಕ್ಷರವಿನ್ಯಾಸದಲ್ಲಿ. ಅದನ್ನು ನಕಲಿಸಿ ಬೇರೆ ಕಡೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು ಬರುತ್ತವೆ. ಆಗ ಯುನಿಕೋಡ್‌ಗೆ ಬದಲಾಯಿಸಿಕೊಡುವ ಯಾವುದೋ ಉಚಿತ ತಾಣ ಹುಡುಕಿ, ಇಡೀ ಪತ್ರವನ್ನು ಅಲ್ಲಿ ಸುರಿಯುತ್ತಾರೆ. ಪತ್ರ ಕಾಗದದ ಮೇಲಷ್ಟೇ ಇದ್ದರೆ ಫೋನಿನಲ್ಲಿ ಫೋಟೋ ಹೊಡೆದು, ಚಿತ್ರದಿಂದ ಅಕ್ಷರ ತೆಗೆದುಕೊಡುವ ಮತ್ತೊಂದು ತಾಣಕ್ಕೆ ಕೊಡುತ್ತಾರೆ. ಅನುವಾದದ ಹಂತಕ್ಕೆ ಬರುವ ಹೊತ್ತಿಗೆ ಆ ಮನೆಯ ಪಾಲುಪಟ್ಟಿ ಗುರುತು ಪರಿಚಯವಿಲ್ಲದ ಎರಡು ಕಂಪ್ಯೂಟರುಗಳನ್ನು ಮುಟ್ಟಿ ಬಂದಿರುತ್ತದೆ. ಅನುವಾದ ಸಾಧನವನ್ನು ಎಷ್ಟು ಅಳೆದು ತೂಗಿ ಆರಿಸಿದರೂ ಈ ಎರಡು ಬಾಗಿಲು ತೆರೆದಿದ್ದರೆ ಏನೂ ಪ್ರಯೋಜನವಿಲ್ಲ.

ಎರಡನ್ನೂ ಮುಚ್ಚುವುದು ಕಷ್ಟವಲ್ಲ. ಹಳೆಯ ಅಕ್ಷರವನ್ನು ಬದಲಾಯಿಸಲು ಕಂಪ್ಯೂಟರಿನಲ್ಲೇ ಅಳವಡಿಸಿಕೊಳ್ಳುವ ಪರಿವರ್ತಕಗಳಿವೆ. ಚಿತ್ರದಿಂದ ಅಕ್ಷರ ತೆಗೆಯಲು ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶವಿದ್ದು, ಅದಕ್ಕೆ ಕನ್ನಡವೂ ಬರುತ್ತದೆ. ಒಮ್ಮೆ ಅಳವಡಿಸಿದ ಮೇಲೆ ಅದಕ್ಕೆ ಇಂಟರ್‌ನೆಟ್ ಬೇಕಿಲ್ಲ:

```
tesseract patra.png patra -l kan
```

ಅಚ್ಚುಕಟ್ಟಾಗಿ ಮುದ್ರಿತವಾದ ಪುಟವನ್ನು ಅದು ತಕ್ಕಮಟ್ಟಿಗೆ ಓದುತ್ತದೆ. ಒತ್ತಕ್ಷರಗಳಲ್ಲಿ ಎಡವುತ್ತದೆ. ಕೈಬರಹವನ್ನಂತೂ ಅದರ ಕೈಗೆ ಕೊಡಬಾರದು. ಅಂಥ ಪುಟವನ್ನು ಕಚೇರಿಯಲ್ಲೇ ಕುಳಿತು ಟೈಪ್ ಮಾಡುವುದು ಒಳ್ಳೆಯದು.

ಈಗ ಅನುವಾದ. ಇಲ್ಲಿ ಆಯ್ಕೆ ಮೂರು ಬಗೆ, ಮೂರರಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಬರಹ ಎಲ್ಲಿಗೆ ಹೋಗುತ್ತದೆ, ಅಲ್ಲಿ ಎಷ್ಟು ಕಾಲ ಇರುತ್ತದೆ, ಅದನ್ನು ಯಾತಕ್ಕೆ ಬಳಸುತ್ತಾರೆ?

ಉಚಿತ ಸೇವೆಗಳ ಷರತ್ತುಗಳನ್ನು ಓದಿದವರು ಕಡಿಮೆ. ಜರ್ಮನಿಯ ಡೀಪ್‌ಎಲ್ ಕಂಪನಿಯ ಷರತ್ತು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಉಚಿತ ಸೇವೆಗೆ ಕೊಟ್ಟ ಬರಹವನ್ನು ಸ್ವಲ್ಪ ಕಾಲ ಇಟ್ಟುಕೊಂಡು ತನ್ನ ಯಂತ್ರಕ್ಕೆ ಕಲಿಸಲು ಬಳಸಬಹುದು, ವ್ಯಕ್ತಿಗಳ ಖಾಸಗಿ ವಿವರ ಇರುವ ಬರಹವನ್ನು ಅಲ್ಲಿ ಹಾಕಲೇಬಾರದು ಎನ್ನುತ್ತದೆ. ಹಣ ಕೊಟ್ಟವರ ಬರಹವನ್ನು ಕಲಿಕೆಗೆ ಬಳಸುವುದಿಲ್ಲ ಎಂದೂ ಹೇಳುತ್ತದೆ. ಗೂಗಲ್‌ನಲ್ಲೂ ಇಂಥ ಭೇದವಿದೆ. ಎಲ್ಲರೂ ಬಳಸುವ ಟ್ರಾನ್ಸ್‌ಲೇಟ್ ಪುಟ ಬೇರೆ, ಕಂಪನಿಗಳು ಹಣ ತೆತ್ತು ಬಳಸುವ ಕ್ಲೌಡ್ ಟ್ರಾನ್ಸ್‌ಲೇಷನ್ ಬೇರೆ. ಎರಡನೆಯದರಲ್ಲಿ ಗ್ರಾಹಕರ ಬರಹವನ್ನು ಯಂತ್ರಕ್ಕೆ ಕಲಿಸಲು ಬಳಸುವುದಿಲ್ಲ ಎಂಬ ಲಿಖಿತ ಭರವಸೆ ಇದೆ. ಬೇಕೆಂದಾಗ ತೋರಿಸಬಹುದಾದ ಒಂದು ಒಪ್ಪಂದಕ್ಕೆ ಆ ಹಣ.

ಷರತ್ತಿಗಿಂತ ಹತ್ತಿರದ ಅಪಾಯ ಇನ್ನೊಂದಿದೆ. ಕಚೇರಿಯ ಕಂಪ್ಯೂಟರಿನಲ್ಲಿ ಎಲ್ಲರಿಗೂ ಒಂದೇ ಜಿಮೇಲ್ ತೆರೆದಿರುತ್ತದೆ. ಲಾಗಿನ್ ಆಗಿ ಮಾಡಿದ ಅನುವಾದಗಳು ಗೂಗಲ್ ಟ್ರಾನ್ಸ್‌ಲೇಟಿನ ಹಿಸ್ಟರಿಯಲ್ಲಿ ಸಾಲಾಗಿ ಉಳಿಯುತ್ತವೆ. ನಾರ್ವೆಯ ಮಾತು ಹಾಗಿರಲಿ, ಮರುದಿನ ಅದೇ ಕುರ್ಚಿಯಲ್ಲಿ ಕುಳಿತವರು ನಿನ್ನೆಯ ವಿಭಾಗ ಪತ್ರವನ್ನು ಓದಬಹುದು.

ಮೂರನೆಯ ಬಗೆ, ಬರಹ ಕೋಣೆ ಬಿಟ್ಟು ಹೊರಗೆ ಹೋಗದ ಅನುವಾದ. ಫೋನಿನ ಗೂಗಲ್ ಟ್ರಾನ್ಸ್‌ಲೇಟ್ ಆ್ಯಪ್‌ನಲ್ಲಿ ಕನ್ನಡವನ್ನು ಡೌನ್‌ಲೋಡ್ ಮಾಡಿಕೊಂಡು ಇಂಟರ್‌ನೆಟ್ ಇಲ್ಲದೆಯೂ ಬಳಸಬಹುದು. ನಿಜವಾಗಿ ಫೋನಿನಲ್ಲೇ ನಡೆಯುತ್ತಿದೆಯೇ ಎಂದು ತಿಳಿಯಲು ಏರೋಪ್ಲೇನ್ ಮೋಡ್ ಹಾಕಿ ಒಂದು ವಾಕ್ಯ ಕೊಟ್ಟರೆ ಸಾಕು. ಆದರೆ ಅದು ಒಂದೆರಡು ವಾಕ್ಯಕ್ಕೆ ಸರಿ, ಹನ್ನೆರಡು ಪುಟಕ್ಕಲ್ಲ. ಪುಟಗಟ್ಟಲೆ ಕೆಲಸಕ್ಕೆ ಐಐಟಿ ಮದ್ರಾಸಿನ ಎಐ4ಭಾರತ್ ತಂಡ 2023ರಲ್ಲಿ ಹೊರತಂದ ಇಂಡಿಕ್‌ಟ್ರಾನ್ಸ್2 ಇದೆ. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳೂ ಅದರಲ್ಲಿವೆ. ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ಯಂತ್ರದಲ್ಲಿ ನಡೆಸಬಹುದು. ಚಿಕ್ಕ ಮಾದರಿಯ ಹೆಸರು `ai4bharat/indictrans2-indic-en-dist-200M`. ನಿಧಾನವಾದರೂ ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಇದು ಓಡುತ್ತದೆ. ಅಳವಡಿಸಲು ಪೈಥಾನ್ ಬಲ್ಲವರೊಬ್ಬರು ಒಂದು ಮಧ್ಯಾಹ್ನ ಕೂರಬೇಕು. ಆಮೇಲೆ ವೈಫೈ ಕಿತ್ತು ಹಾಕಿಯೇ ಕೆಲಸ ಮಾಡಬಹುದು.

ಇಲ್ಲಿ ಗುಟ್ಟು ಉಳಿಯಿತು. ಅರ್ಥ ಉಳಿಯಿತೇ?

ವಿಭಾಗ ಪತ್ರದ ಒಂದು ವಾಕ್ಯ ಹೀಗೆ ಮುಗಿಯುತ್ತದೆ ಎಂದಿಟ್ಟುಕೊಳ್ಳೋಣ: "...ಸದರಿ ಸ್ವತ್ತನ್ನು ಎರಡನೇ ಪಾರ್ಟಿಯವರೇ ಅನುಭವಿಸಿಕೊಂಡು ಹೋಗತಕ್ಕದ್ದು, ಅದರ ಮೇಲೆ ಒಂದನೇ ಪಾರ್ಟಿಯವರಿಗಾಗಲೀ ಅವರ ವಾರಸುದಾರರಿಗಾಗಲೀ ಯಾವುದೇ ಹಕ್ಕು ಇರತಕ್ಕದ್ದಲ್ಲ." ಕೋರ್ಟಿನ ಕನ್ನಡದಲ್ಲಿ ಇಂಥ ವಾಕ್ಯ 'ಇದ್ದು', 'ಕೊಟ್ಟು', 'ಆಗಿ' ಎಂದು ಕೊಂಡಿ ಹಾಕಿಕೊಂಡು ಅರ್ಧ ಪುಟ ನಡೆಯುತ್ತದೆ. ಇಂಡಿಕ್‌ಟ್ರಾನ್ಸ್2 ಒಂದು ಸಲಕ್ಕೆ ತೆಗೆದುಕೊಳ್ಳುವುದು 256 ಟೋಕನ್, ಅಂದರೆ 256 ಪದಚೂರುಗಳು. ಒಂದು ಉದ್ದನೆಯ ಕನ್ನಡ ಪದವೇ ಹಲವು ಚೂರಾಗುತ್ತದೆ. ಮಿತಿ ಮೀರಿದ ಭಾಗವನ್ನು ಯಂತ್ರ ಸದ್ದಿಲ್ಲದೆ ಕತ್ತರಿಸಿಬಿಡಬಹುದು. ಕನ್ನಡದಲ್ಲಿ 'ಅಲ್ಲ', 'ಇಲ್ಲ' ಬರುವುದು ವಾಕ್ಯದ ಕಟ್ಟಕಡೆಗೆ. ಬಾಲ ಕತ್ತರಿಸಿ ಹೋದರೆ ಹಕ್ಕು ಇಲ್ಲದವರಿಗೆ ಹಕ್ಕು ಬಂದುಬಿಡುತ್ತದೆ, ಅದೂ ಓದಲು ಸರಾಗವಾದ ಇಂಗ್ಲಿಷಿನಲ್ಲಿ. ಇದಕ್ಕಿರುವ ಮದ್ದು ಅನುವಾದಕ್ಕೆ ಮೊದಲೇ ಉದ್ದನೆಯ ವಾಕ್ಯವನ್ನು ಮನುಷ್ಯರು ನಾಲ್ಕೈದು ತುಂಡು ಮಾಡಿ ಕೊಡುವುದು. ಆಮೇಲೆ ಮೂಲದಲ್ಲಿ 'ಇಲ್ಲ', 'ಅಲ್ಲ', 'ಬಾರದು', 'ಕೂಡದು' ಬಂದ ಕಡೆಗಳನ್ನೆಲ್ಲ ಗುರುತು ಮಾಡಿಕೊಂಡು, ಒಂದೊಂದೂ ಇಂಗ್ಲಿಷಿನಲ್ಲಿ ಇದೆಯೇ ಎಂದು ಬೆರಳಿಟ್ಟು ನೋಡುವುದು.

ಎರಡನೆಯ ತೊಡಕು ಹೆಸರು. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಪ್ರಕಾಶ, ಕಮಲ, ಶಾಂತಿ ಎಂಬ ಹೆಸರುಗಳು ಯಂತ್ರಕ್ಕೆ ಬೆಳಕು, ಹೂವು, ನೆಮ್ಮದಿಯಾಗಿ ಕಾಣಬಹುದು. 'ಅವರು' ಎಂಬ ಗೌರವದ ಮಾತು ಒಮ್ಮೆ ಬಹುವಚನವಾಗಿ, ಒಮ್ಮೆ ಗಂಡಸಾಗಿ ಬರುತ್ತದೆ. ತಂಗಿಯ ಪಾಲು ಅಣ್ಣನದಾಗಿ ಕಾಣುವುದು ಹೀಗೆಯೇ. 'ಖಾತೆ ಬದಲಾವಣೆ' ಬ್ಯಾಂಕಿನ ಖಾತೆಯಾಗಿಬಿಡಬಹುದು.

ಮೂರನೆಯದು ಅಂಕಿ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಇದೇ. ಜಮೀನಿನ ಪತ್ರದಲ್ಲಿ ವಿಸ್ತೀರ್ಣವನ್ನು '1-20' ಎಂದು ಬರೆದಿರುತ್ತಾರೆ. ಅದು 1 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ, ಆದ್ದರಿಂದ ಒಂದೂವರೆ ಎಕರೆ. ಯಂತ್ರವೋ ತಿದ್ದುವವರೋ ಇದನ್ನು 1.20 ಎಕರೆ ಎಂದು ಮಾಡಿದರೆ ಅದು 1 ಎಕರೆ 8 ಗುಂಟೆ. ಕಾಗದದ ಮೇಲೆ 12 ಗುಂಟೆ, ಅಂದರೆ 13,068 ಚದರಡಿ ಮಾಯ.

ಹಾಗಾದರೆ ಗಟ್ಟಿಯಾದ ಆನ್‌ಲೈನ್ ಯಂತ್ರಗಳನ್ನೇ ಬಳಸಿದರಾಗದೇ? ಉದ್ದನೆಯ ವಾಕ್ಯಗಳನ್ನು ದೊಡ್ಡ ಯಂತ್ರಗಳು ಸಾಮಾನ್ಯವಾಗಿ ಹೆಚ್ಚು ಚೆನ್ನಾಗಿ ನಿಭಾಯಿಸುತ್ತವೆ, ಅದನ್ನು ಒಪ್ಪಲೇಬೇಕು. ಆಗ ನಡುದಾರಿ ಎಂದರೆ ಹೆಸರು ಮರೆಮಾಚಿ ಕಳಿಸುವುದು. ಇದರಲ್ಲಿ ಕನ್ನಡದ್ದೇ ಒಂದು ತೊಡಕಿದೆ. 'ಪ್ರಕಾಶ' ಎಂಬುದನ್ನು ಹುಡುಕಿ ಬದಲಿಸಿದರೂ ವಿಭಕ್ತಿಗಳು ಅಂಟಿಕೊಂಡೇ ಇರುತ್ತವೆ: ಪ್ರಕಾಶನಿಗೆ, ಪ್ರಕಾಶನಿಂದ. ಅಡ್ಡಹೆಸರಿನಿಂದ ಕರೆದ ಕಡೆ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಆದರೆ 'ಪ್ರಕಾಶ ರವರಿಗೆ' ಎಂದು ಬಿಡಿಸಿ ಬರೆಯುವ ಕಚೇರಿಯ ರೂಢಿ ಇಲ್ಲಿ ಕೈಹಿಡಿಯುತ್ತದೆ. 'ವ್ಯಕ್ತಿ1 ರವರಿಗೆ' ಎಂದು ಮಾಡಿಕೊಳ್ಳುವುದು ಸುಲಭ. ಹೆಸರು ತೆಗೆದರಷ್ಟೇ ಸಾಲದು. ಊರು ಮತ್ತು ಸರ್ವೆ ನಂಬರು ಉಳಿದರೆ ಪಹಣಿ ತೆಗೆಸಿ ನೋಡಿದವರಿಗೆ ಮಾಲೀಕರ ಹೆಸರು ಸಿಕ್ಕೇ ಸಿಗುತ್ತದೆ.

ಆದ್ದರಿಂದ ಆ ಕಚೇರಿ ಒಂದೇ ಸಾಧನ ಹಿಡಿಯದೆ ಪತ್ರವನ್ನೇ ವಿಂಗಡಿಸುವುದು ಜಾಣತನ. ಪ್ರಕಟವಾಗಿರುವ ತೀರ್ಪು, ಗೆಜೆಟ್ ಅಧಿಸೂಚನೆ ಯಾವ ಉಚಿತ ತಾಣಕ್ಕೆ ಹೋದರೂ ಚಿಂತೆಯಿಲ್ಲ. ಸುಪ್ರೀಂ ಕೋರ್ಟೇ 2019ರಿಂದ ತೀರ್ಪುಗಳ ಅನುವಾದಕ್ಕೆ ಸುವಾಸ್ ಎಂಬ ಯಂತ್ರವನ್ನು ಬಳಸುತ್ತಿದೆ. ಪತ್ರದಲ್ಲಿನ ಕಾನೂನಿನ ಮಾಮೂಲಿ ಷರತ್ತುಗಳು ಹೆಸರು, ನಂಬರು ತೆಗೆದು, ಹಣ ಕೊಟ್ಟ ಸೇವೆಗೆ ಹೋಗಬಹುದು. ಪಾಲಿನ ಪಟ್ಟಿ, ಚಕ್ಕುಬಂದಿ, ಮನೆಯೊಳಗಿನ ಜಗಳದ ವಿವರ ಇರುವ ಪುಟಗಳು ಮಾತ್ರ ಇಂಟರ್‌ನೆಟ್ ಇಲ್ಲದ ಲ್ಯಾಪ್‌ಟಾಪಿನಲ್ಲೇ ಇರಬೇಕು. ಅಲ್ಲಿ ಕಡಿಮೆಯಾದ ನಿಖರತೆಯನ್ನು ಮನುಷ್ಯರು ಎರಡು ತಾಸು ಹೆಚ್ಚು ಕುಳಿತು ತುಂಬಿಕೊಡಬೇಕು. ಅಮೆರಿಕದ ವಲಸೆ ಇಲಾಖೆಯ ನಿಯಮವೂ ಅನುವಾದ ಪೂರ್ಣ ಮತ್ತು ನಿಖರ ಎಂದು, ತನಗೆ ಆ ಭಾಷೆ ಬರುತ್ತದೆ ಎಂದು ಅನುವಾದಕರು ಪ್ರಮಾಣೀಕರಿಸಬೇಕು ಎನ್ನುತ್ತದೆ. ಆ ಸಹಿಯನ್ನು ಯಂತ್ರ ಹಾಕಲಾರದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ ಕಕ್ಷಿದಾರರ ಗುಟ್ಟನ್ನು ಅವರ ಒಪ್ಪಿಗೆಯಿಲ್ಲದೆ ಹೊರಹಾಕಬಾರದೆಂದು ವಕೀಲರನ್ನು ಕಟ್ಟಿಹಾಕುತ್ತದೆ. ಅದೇ ಕಟ್ಟು ದುಭಾಷಿಗಳಿಗೂ ವಕೀಲರ ಗುಮಾಸ್ತರಿಗೂ ಅನ್ವಯಿಸುತ್ತದೆ ಎಂದು 132ನೇ ಕಲಮು ಬಿಡಿಸಿ ಹೇಳುತ್ತದೆ. ಹಾಗಾಗಿ ರಾತ್ರಿ ಕರಡು ಮುಗಿದ ಮೇಲೂ ಗುಮಾಸ್ತನಿಗೆ ಒಂದು ಕೆಲಸ ಬಾಕಿ ಇದೆ. ಕಕ್ಷಿದಾರರು ಬೆಳಿಗ್ಗೆ ಆ ವಿಭಾಗ ಪತ್ರದ ಫೋಟೋಗಳನ್ನು ಕಳಿಸಿದ್ದು ವಾಟ್ಸ್ಆ್ಯಪಿನಲ್ಲಿ. ಅವು ಗುಮಾಸ್ತನ ಫೋನಿನ ಗ್ಯಾಲರಿಯಲ್ಲಿ ಮಕ್ಕಳ ಫೋಟೋಗಳ ನಡುವೆ ಕುಳಿತಿವೆ. ಬ್ಯಾಕಪ್ ಚಾಲೂ ಇದ್ದರೆ ಕ್ಲೌಡಿಗೂ ಏರಿವೆ. ಮೊದಲು ಅಲ್ಲಿಂದ, ಆಮೇಲೆ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಿಂದ, ಕೊನೆಗೆ ಪೆನ್‌ಡ್ರೈವಿನಿಂದ ಅವನ್ನು ಅಳಿಸಬೇಕು.