ಆ ಒಂದು ರೂಪಾಯಿ ಎಲ್ಲಿಂದ ಬಂತು?

ಎಕ್ಸೆಲ್‌ನಂತಹ ಸ್ಪ್ರೆಡ್‌ಶೀಟಿನಲ್ಲಿ ಒಂದು ಸೆಲ್ ತನ್ನೊಳಗೆ ಇಟ್ಟುಕೊಂಡಿರುವ ಸಂಖ್ಯೆ ಒಂದು, ತೆರೆಯ ಮೇಲೆ ತೋರಿಸುವ ಸಂಖ್ಯೆ ಇನ್ನೊಂದು ಆಗಿರಬಹುದು. 12,370 ರೂಪಾಯಿಗೆ ಶೇ 12 ಎಂದರೆ 1,484.40. ಆ ಸೆಲ್‌ಗೆ ದಶಮಾಂಶ ಬೇಡವೆಂದು ಫಾರ್ಮ್ಯಾಟ್ ಕೊಟ್ಟರೆ ತೆರೆಯ ಮೇಲೆ 1,484 ಕಾಣುತ್ತದೆ, ಮುದ್ರಿಸಿದ ಕಾಗದದಲ್ಲೂ ಅದೇ ಬರುತ್ತದೆ. ಆದರೆ ನಲವತ್ತು ಪೈಸೆ ಒಳಗೇ ಉಳಿದಿರುತ್ತದೆ. ಆ ಸೆಲ್ಲನ್ನು ಬಳಸುವ ಮುಂದಿನ ಪ್ರತಿ ಸೂತ್ರವೂ ಪೈಸೆ ಸಮೇತವಾದ ಸಂಖ್ಯೆಯನ್ನೇ ತೆಗೆದುಕೊಳ್ಳುತ್ತದೆ. ಫಾರ್ಮ್ಯಾಟ್ ಬದಲಾಯಿಸುವುದು ನೋಟವನ್ನಷ್ಟೇ, ಲೆಕ್ಕವನ್ನಲ್ಲ.

ಇದು ಗೊತ್ತಿಲ್ಲದಾಗ ಏನಾಗುತ್ತದೆ ಎಂಬುದನ್ನು ಕಾರ್ಮಿಕರ ಭವಿಷ್ಯ ನಿಧಿಯ, ಅಂದರೆ ಪಿಎಫ್‌ನ, ಲೆಕ್ಕದಲ್ಲಿ ನೋಡಬಹುದು. ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆ ಇದೆ ಎಂದುಕೊಳ್ಳೋಣ. ಬಿ.ಕಾಂ. ಮುಗಿಸಿ ಅಲ್ಲಿನ ಅಕೌಂಟ್ಸ್ ವಿಭಾಗಕ್ಕೆ ತರಬೇತಿಗೆ ಬಂದ ಹುಡುಗಿಗೆ ತಿಂಗಳ ಪಿಎಫ್ ಶೀಟ್ ಸಿದ್ಧಪಡಿಸುವ ಕೆಲಸ ಸಿಕ್ಕಿದೆ. ಹಿಂದಿನವರು ಮಾಡಿಟ್ಟ ಶೀಟ್ ಅದು. ಪಿಎಫ್ ಕಟ್ಟುವುದು ಪೂರ್ಣ ರೂಪಾಯಿಗಳಲ್ಲಾದ್ದರಿಂದ ಅವರು ಎಲ್ಲ ಕಾಲಂಗಳಿಗೂ ದಶಮಾಂಶವಿಲ್ಲದ ಫಾರ್ಮ್ಯಾಟ್ ಕೊಟ್ಟಿದ್ದರು. ಪೈಸೆ ಕಾಣಿಸದ ಕಾರಣ, ಸಂಖ್ಯೆಗಳೆಲ್ಲ ಆಗಲೇ ರೌಂಡ್ ಆಫ್ ಆಗಿವೆ ಎಂದು ಅವಳು ನಂಬಿದಳು.

ಪ್ಯಾಕಿಂಗ್ ವಿಭಾಗದಲ್ಲಿ ಮೂವರು. ಗೈರುಹಾಜರಿ ಕಳೆದು ಆ ತಿಂಗಳು ಅವರ ವೇತನ 12,370, 11,220 ಮತ್ತು 13,120 ರೂಪಾಯಿ. ಶೇ 12ರ ಕಡಿತದ ಕಾಲಂನಲ್ಲಿ 1,484, 1,346 ಮತ್ತು 1,574 ಎಂದು ಕಾಣುತ್ತಿತ್ತು. ಕೆಳಗಿನ ಮೊತ್ತ 4,405. ಮುದ್ರಿಸಿದ ಹಾಳೆಯನ್ನು ಇಟ್ಟುಕೊಂಡು ಕ್ಯಾಲ್ಕುಲೇಟರಿನಲ್ಲಿ ಕೂಡಿದಾಗ ಬಂದದ್ದು 4,404. ಎರಡು ಸಲ ಕೂಡಿದರೂ ಅಷ್ಟೇ.

"ಸರ್, ಎಕ್ಸೆಲ್ ಕೂಡಿದ್ದೇ ತಪ್ಪಾಗಿದೆ" ಎಂದು ಅವಳು ಹಿರಿಯ ಅಕೌಂಟೆಂಟ್ ಮುಂದೆ ಹಾಳೆ ಇಟ್ಟಳು.

"ಕೂಡಿದ್ದು ಸರಿಯಾಗೇ ಇದೆಯಮ್ಮ. ಅದು ಏನನ್ನು ಕೂಡಿತು ಅಂತ ನೋಡು" ಎಂದು ಅವರು ಆ ಕಾಲಂಗೆ ಎರಡು ದಶಮಾಂಶ ತೆರೆದು ತೋರಿಸಿದರು.

ಒಳಗಿದ್ದದ್ದು 1,484.40, 1,346.40 ಮತ್ತು 1,574.40. ಒಬ್ಬೊಬ್ಬರ ಸಾಲಿನಲ್ಲೂ ನಲವತ್ತು ಪೈಸೆ ಕಣ್ಣಿಗೆ ಕಾಣದೆ ಉಳಿದಿತ್ತು. ಮೂರು ನಲವತ್ತು ಸೇರಿ 1 ರೂಪಾಯಿ 20 ಪೈಸೆಯಾಗಿ, ಮೊತ್ತ 4,405.20 ಆಗಿ, ಅದೂ ಪೈಸೆ ಮರೆಸಿಕೊಂಡು 4,405 ಎಂದು ತೋರಿತು. ಕಾಣದ ಪೈಸೆಗಳು ಒಂದೇ ದಿಕ್ಕಿನಲ್ಲಿ ಕೂಡಿಕೊಂಡಾಗ ರೂಪಾಯಿಯಾಗಿ ಹೊರಬೀಳುತ್ತವೆ. ಕೆಲವು ತಿಂಗಳು ಒಬ್ಬರ ಮೂವತ್ತು ಪೈಸೆ ಕೆಳಕ್ಕೂ ಇನ್ನೊಬ್ಬರ ಮೂವತ್ತು ಪೈಸೆ ಮೇಲಕ್ಕೂ ಹೋಗಿ ಲೆಕ್ಕ ತಾನಾಗಿ ತಾಳೆಯಾಗುತ್ತದೆ. ಶೀಟ್ ಸರಿಯಾಗಿಯೇ ಇದೆ ಎಂಬ ನಂಬಿಕೆ ಬೆಳೆಯುವುದು ಅಂಥ ತಿಂಗಳುಗಳಿಂದಲೇ. ನೂರು ಜನರ ಪಟ್ಟಿಯಲ್ಲಿ ಇಂಥ ವ್ಯತ್ಯಾಸ ಎರಡು ಮೂರು ರೂಪಾಯಿ ಇರುವುದು ಸಾಮಾನ್ಯ. ಕೆಲವೊಮ್ಮೆ ಅದಕ್ಕಿಂತ ಹೆಚ್ಚೂ ಆಗಬಹುದು.

ಕಾರಣ ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಕಟ್ಟಬೇಕಾದದ್ದು 4,405 ರೂಪಾಯಿಯೋ 4,404 ರೂಪಾಯಿಯೋ? ಇದಕ್ಕೆ ಉತ್ತರ ಇರುವುದು ಕಂಪ್ಯೂಟರಿನಲ್ಲಲ್ಲ, ಪಿಎಫ್ ನಿಯಮದಲ್ಲಿ. 1952ರ ಭವಿಷ್ಯ ನಿಧಿ ಯೋಜನೆಯ ಪ್ರಕಾರ ಪ್ರತಿಯೊಂದು ವಂತಿಗೆಯನ್ನೂ ಹತ್ತಿರದ ರೂಪಾಯಿಗೆ ತರಬೇಕು: ಐವತ್ತು ಪೈಸೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮುಂದಿನ ರೂಪಾಯಿ, ಕಡಿಮೆಯಿದ್ದರೆ ಪೈಸೆ ಬಿಡಬೇಕು. ನಿಯಮ ಹೇಳುವುದು ಒಬ್ಬೊಬ್ಬ ಕಾರ್ಮಿಕರ ವಂತಿಗೆಯ ಬಗ್ಗೆ, ಒಟ್ಟು ಮೊತ್ತದ ಬಗ್ಗೆ ಅಲ್ಲ. ಮೊದಲನೆಯವರ ಸಂಬಳದಿಂದ ಹಿಡಿಯುವುದು 1,484 ರೂಪಾಯಿ, ಅವರ ಖಾತೆಗೆ ಹೋಗುವುದೂ ಅಷ್ಟೇ. ಆ ನಲವತ್ತು ಪೈಸೆಯನ್ನು ಯಾರೂ ಕೊಟ್ಟಿಲ್ಲ, ಯಾರೂ ಪಡೆದಿಲ್ಲ. ಆದ್ದರಿಂದ ಇಲ್ಲಿ ಬಿಡಿ ಅಂಕಿಗಳು ಸರಿ, ಮೊತ್ತ ತಪ್ಪು. ಕಟ್ಟಬೇಕಾದದ್ದು 4,404.

ಅದೇ ಶೀಟಿನಲ್ಲಿ ಅಡ್ಡಸಾಲಿಗೆ ನೋಡಿದರೆ ಇನ್ನೊಂದು ರೂಪಾಯಿ ಸಿಗುತ್ತದೆ, ಮತ್ತು ಅದರ ಸ್ವಭಾವ ಬೇರೆ. ಕಾರ್ಮಿಕರು ಶೇ 12 ಕೊಟ್ಟಂತೆ ಮಾಲೀಕರೂ ಶೇ 12 ಕೊಡುತ್ತಾರೆ. ಮಾಲೀಕರ ಪಾಲಿನಲ್ಲಿ ಶೇ 8.33 ಪಿಂಚಣಿ ನಿಧಿಗೆ ಹೋಗುತ್ತದೆ, ಉಳಿದದ್ದು ಭವಿಷ್ಯ ನಿಧಿಗೆ. ಪಿಂಚಣಿಯ ಲೆಕ್ಕಕ್ಕೆ 2014ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವೇತನ ಮಿತಿ 15,000 ರೂಪಾಯಿ. ಯಂತ್ರ ವಿಭಾಗದಲ್ಲಿ ಸರಿಯಾಗಿ 15,000 ವೇತನದ ಒಬ್ಬರಿದ್ದರು. ಅವರ ಸಾಲಿನಲ್ಲಿ ಪಿಂಚಣಿ 1,250, ಭವಿಷ್ಯ ನಿಧಿ 551, ಒಟ್ಟು 1,800 ಎಂದು ಕಾಣುತ್ತಿತ್ತು. 1,250ಕ್ಕೆ 551 ಕೂಡಿದರೆ 1,801 ಆಗಬೇಕು.

ಒಳಗೆ ನೋಡಿದರೆ ಪಿಂಚಣಿ 1,249.50. ಹಿಂದಿನವರು ಭವಿಷ್ಯ ನಿಧಿಯ ಪಾಲನ್ನು 12ರಿಂದ 8.33 ಕಳೆದು ಶೇ 3.67 ಎಂದು ಹಿಡಿದಿದ್ದರಿಂದ ಅದು 550.50. ಎರಡರಲ್ಲೂ ಸರಿಯಾಗಿ ಐವತ್ತು ಪೈಸೆ. ಎರಡೂ ಮೇಲಕ್ಕೆ ಹೋಗಿ ನಿಂತವು, ಮೊತ್ತ ಮಾತ್ರ ಕದಲಲಿಲ್ಲ. ಹಿಂದಿನ ಉದಾಹರಣೆಯ ಪಾಠವನ್ನೇ ಇಲ್ಲಿಗೂ ಹಚ್ಚಿ, ಬಿಡಿ ಅಂಕಿಗಳು ಸರಿ, ಮೊತ್ತವೇ ತಪ್ಪು ಎಂದು ಹೊರಟರೆ ಮಾಲೀಕರು ಒಂದು ರೂಪಾಯಿ ಹೆಚ್ಚು ಕಟ್ಟಬೇಕಾಗುತ್ತದೆ. ವಾಸ್ತವದಲ್ಲಿ ಮಾಲೀಕರ ಒಟ್ಟು ಪಾಲು 1,800 ಎಂಬುದು ನಿಶ್ಚಿತ, ಪಿಂಚಣಿಯ ಪಾಲು 1,250 ಎಂಬುದೂ ನಿಶ್ಚಿತ. ಭವಿಷ್ಯ ನಿಧಿಯದು ಇವೆರಡರ ನಡುವೆ ಉಳಿಯುವ ಪಾಲು, ಅಂದರೆ 550. ಪಿಎಫ್ ಜಾಲತಾಣಕ್ಕೆ ಏರಿಸುವ ಕಡತದಲ್ಲಿ ಈ ಅಂಕಣಕ್ಕೆ ಪಿಎಫ್ ಮತ್ತು ಪಿಂಚಣಿಯ ವ್ಯತ್ಯಾಸ ಎಂದೇ ಹೆಸರಿದೆ. ಅದನ್ನು ಶೇ 3.67 ಎಂದು ಗುಣಿಸಿ ಪಡೆಯುವಂತಿಲ್ಲ, ಕಳೆದೇ ಪಡೆಯಬೇಕು.

ಹೀಗೆ ಒಂದೇ ಶೀಟಿನಲ್ಲಿ ಎರಡು ರೂಪಾಯಿಗಳು ಎರಡು ಕಡೆ ತಪ್ಪಿದ್ದವು. ಉದ್ದಸಾಲಿನಲ್ಲಿ ಮೊತ್ತ ತಪ್ಪು, ಅಡ್ಡಸಾಲಿನಲ್ಲಿ ಒಂದು ಬಿಡಿ ಅಂಕಿ ತಪ್ಪು. ಯಾವುದನ್ನು ನಿಯಮ ನೇರವಾಗಿ ನಿಗದಿ ಮಾಡುತ್ತದೆ, ಯಾವುದು ಅದರಿಂದ ಹುಟ್ಟುತ್ತದೆ ಎಂದು ಮೊದಲು ಕೇಳಿಕೊಳ್ಳದೆ ಇದನ್ನು ತೀರ್ಮಾನಿಸಲು ಬರುವುದಿಲ್ಲ.

ಇಂಥ ಸಂದರ್ಭದಲ್ಲಿ ಮೊದಲು ಹೊಳೆಯುವ ಉಪಾಯ, ಮೊತ್ತದ ಸೂತ್ರದ ಕೊನೆಗೆ ಒಂದು ಕಳೆದುಬಿಡುವುದು. ತರಬೇತಿಯ ಹುಡುಗಿಯೂ ಹಾಗೆಯೇ ಮಾಡಲು ಹೊರಟಿದ್ದಳು. ಆ ತಿಂಗಳಿಗೆ ಅದು ತಾಳೆಯಾಗುತ್ತದೆ. ಮುಂದಿನ ತಿಂಗಳು ಹಾಜರಿ ಬದಲಾಗಿ ವೇತನ ಬದಲಾದಾಗ ಅದೇ ಒಂದು ಹೊಸ ತಪ್ಪಾಗುತ್ತದೆ, ಮತ್ತು ಸೂತ್ರದೊಳಗೆ ಅಡಗಿರುವ ಅದನ್ನು ಹುಡುಕುವುದು ಮೊದಲಿಗಿಂತ ಕಷ್ಟ.

ಎರಡನೆಯ ಉಪಾಯ ಇನ್ನೂ ಅಪಾಯಕಾರಿ. ಎಕ್ಸೆಲ್‌ನ ಸೆಟ್ಟಿಂಗುಗಳಲ್ಲಿ `Set precision as displayed` ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ಕಾಣುವ ಅಂಕಿಯೇ ಒಳಗಿನ ಅಂಕಿಯೂ ಆಗುತ್ತದೆ, ಇಡೀ ವರ್ಕ್‌ಬುಕ್‌ಗೆ. ಪಿಂಚಣಿಯ ದರವನ್ನು ಒಂದು ಸೆಲ್‌ನಲ್ಲಿ 8.33% ಎಂದು ಬರೆದು, ಅದು ದಶಮಾಂಶವಿಲ್ಲದೆ 8% ಎಂದು ಕಾಣುತ್ತಿದ್ದರೆ, ದರವೇ ಶೇ 8 ಆಗಿಬಿಡುತ್ತದೆ. 1,250 ಇದ್ದ ಪಿಂಚಣಿ 1,200ಕ್ಕೆ ಇಳಿಯುತ್ತದೆ. ಆಮೇಲೆ ಆಯ್ಕೆಯನ್ನು ತೆಗೆದುಹಾಕಿದರೂ ಕಳೆದುಹೋದ 0.33 ಮರಳಿ ಬರುವುದಿಲ್ಲ.

ಸರಿಯಾದ ದಾರಿ ಎಂದರೆ, ಪ್ರತಿ ಕಾರ್ಮಿಕರ ವಂತಿಗೆ ಹುಟ್ಟುವ ಜಾಗದಲ್ಲೇ ಅದನ್ನು ಸೂತ್ರದಿಂದ ಪೂರ್ಣ ರೂಪಾಯಿಗೆ ತರುವುದು. ವೇತನ B ಕಾಲಂನಲ್ಲಿ, ಶೇ 12ರ ವಂತಿಗೆ C, ಪಿಂಚಣಿ D, ಉಳಿದ ಪಾಲು E ಕಾಲಂನಲ್ಲಿ ಎಂದಿಟ್ಟುಕೊಂಡರೆ ಮೂರು ಸೂತ್ರಗಳು ಕ್ರಮವಾಗಿ ಹೀಗಿರುತ್ತವೆ:

```
=ROUND(B2*12%,0)
=ROUND(MIN(B2,15000)*8.33%,0)
=C2-D2
```

ಮೊದಲ ಎರಡರಲ್ಲಿ ಪೈಸೆ ನಿಜವಾಗಿಯೇ ಹೋಗುತ್ತದೆ. ಮೂರನೆಯದು ಬರಿ ವ್ಯವಕಲನ, ಅದರಲ್ಲಿ ಪೈಸೆಗೆ ಜಾಗವೇ ಇಲ್ಲ. ಇನ್ನು ಕೆಳಗೆ ಕೂಡಿದರೂ ಅಡ್ಡಕ್ಕೆ ಕೂಡಿದರೂ ಕ್ಯಾಲ್ಕುಲೇಟರ್ ಮತ್ತು ಶೀಟ್ ಒಂದನ್ನೇ ಹೇಳುತ್ತವೆ.

`ROUND` ಎಂಬ ಒಂದೇ ಸೂತ್ರ ಎಲ್ಲ ಕಡಿತಕ್ಕೂ ಸಲ್ಲುವುದಿಲ್ಲ. ಅದೇ ಕಾರ್ಮಿಕರ ಇಎಸ್‌ಐ ಕಡಿತ ಶೇ 0.75, ಮತ್ತು ಅಲ್ಲಿ ಎಷ್ಟೇ ಸಣ್ಣ ಪೈಸೆಯಿದ್ದರೂ ಮುಂದಿನ ರೂಪಾಯಿಗೆ ಏರಿಸುವ ಪದ್ಧತಿ. 11,220ರ ಮೇಲೆ 84.15 ಬಂದರೆ ಹಿಡಿಯಬೇಕಾದದ್ದು 85. ಫಾರ್ಮ್ಯಾಟ್ ತೋರಿಸುವುದು 84. ಫಾರ್ಮ್ಯಾಟ್‌ಗೆ ಹತ್ತಿರದ ಅಂಕಿಯನ್ನು ತೋರಿಸುವುದಷ್ಟೇ ಗೊತ್ತು, ಹೀಗಾಗಿ ಇಎಸ್‌ಐ ಕಾಲಂನಲ್ಲಿ ಕಣ್ಣಿಗೆ ಕಾಣುವ ಅಂಕಿಯೂ ತಪ್ಪು, ಒಳಗಿನದೂ ತಪ್ಪು. ಅಲ್ಲಿ ಬೇಕಾದದ್ದು `ROUNDUP`. ಶೀಟಿನ ಬದಲು ಮ್ಯಾಕ್ರೊ ಬರೆಯುವವರು ಇನ್ನೊಂದನ್ನು ತಿಳಿದಿರಬೇಕು. ಎಕ್ಸೆಲ್ ಮ್ಯಾಕ್ರೊಗಳ ಭಾಷೆಯಾದ ವಿಬಿಎಯ `Round`, ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 15,000 ವೇತನದವರು ಹತ್ತು ದಿನ ಮಾತ್ರ ಕೆಲಸ ಮಾಡಿ 5,000 ಪಡೆದರೆ ಪಿಂಚಣಿ 416.50. ನಿಯಮದ ಪ್ರಕಾರ, ಶೀಟಿನ `ROUND` ಪ್ರಕಾರವೂ, ಅದು 417. ಮ್ಯಾಕ್ರೊ 416 ಎನ್ನುತ್ತದೆ.

ಬೇರೊಬ್ಬರು ಮಾಡಿಟ್ಟ ಶೀಟ್ ಕೈಗೆ ಬಂದಾಗ ಪೈಸೆ ಅಡಗಿದೆಯೇ ಎಂದು ತಿಳಿಯಲು ಕಾಲಂ ಆಯ್ದುಕೊಂಡು `Ctrl+Shift+~` ಒತ್ತಿದರೆ ಸಾಕು. ಫಾರ್ಮ್ಯಾಟ್ ಕಳಚಿ ದಶಮಾಂಶಗಳು ಹೊರಬರುತ್ತವೆ. ಉದ್ದ ಪಟ್ಟಿಯಾದರೆ ಕಣ್ಣಾಡಿಸುವ ಬದಲು ಒಂದು ಖಾಲಿ ಸೆಲ್‌ನಲ್ಲಿ ಈ ಸೂತ್ರ ಬರೆಯಬಹುದು:

```
=SUMPRODUCT(ABS(C2:C23-ROUND(C2:C23,0)))
```

ಪ್ರತಿ ಸಾಲಿನಲ್ಲಿ ಉಳಿದಿರುವ ಪೈಸೆಯನ್ನು ಇದು ಏರಿಳಿತ ಲೆಕ್ಕಿಸದೆ ಕೂಡಿಸುತ್ತದೆ. ಹಾಗಾಗಿ ಮೇಲಕ್ಕೆ ಹೋದದ್ದೂ ಕೆಳಕ್ಕೆ ಬಂದದ್ದೂ ಒಂದನ್ನೊಂದು ಮುಚ್ಚಿಹಾಕುವುದಿಲ್ಲ. ಮೊತ್ತ ತಾನಾಗಿ ತಾಳೆಯಾದ ತಿಂಗಳಲ್ಲೂ ಇದು ಸೊನ್ನೆಯಲ್ಲದ ಉತ್ತರವನ್ನೇ ಕೊಡುತ್ತದೆ. ಈ ಪರೀಕ್ಷೆಯನ್ನು ಚಲನ್ ತಯಾರಿಸುವ ಮೊದಲೇ ಮಾಡಬೇಕು. ಎಕ್ಸೆಲ್ ಶೀಟನ್ನು ಸಿಎಸ್‌ವಿ ಕಡತವಾಗಿ ಉಳಿಸಿದರೆ ಅದರಲ್ಲಿ ಬರೆಯುವುದು ಒಳಗಿನ ಸಂಖ್ಯೆಯನ್ನಲ್ಲ, ಕಾಣುವ ಸಂಖ್ಯೆಯನ್ನು. 1,250 ಮತ್ತು 551 ಅಲ್ಲಿಗೆ ಹೋದ ಮೇಲೆ ಅವೇ ನಿಜವಾದ ಅಂಕಿಗಳಾಗುತ್ತವೆ, 550.50 ಎಂಬುದು ಎಲ್ಲಿಂದ ಬಂದಿತ್ತು ಎಂದು ಆ ಕಡತದಿಂದ ತಿಳಿಯಲಾಗುವುದಿಲ್ಲ.