ಒಂದು ಸಾಲು ಜಾರಿದರೆ

ಒಂದು ಹಾಳೆಯಲ್ಲಿ 42 ಮಕ್ಕಳ ಹೆಸರು, ಇನ್ನೊಂದರಲ್ಲಿ ಅದೇ ಕ್ರಮದಲ್ಲಿ ಅಂಕ. ಎರಡನ್ನೂ ಎಕ್ಸೆಲ್‌ನಲ್ಲಿ ಅಕ್ಕಪಕ್ಕ ಅಂಟಿಸಿದರೆ ಮುಗಿಯಿತು ಎನಿಸುತ್ತದೆ. ಆದರೆ ಹೆಸರಿಗೂ ಅಂಕಕ್ಕೂ ಇಲ್ಲಿರುವ ನಂಟು ಸಾಲಿನ ಜಾಗ ಮಾತ್ರ.

ಹದಿನೇಳನೆಯ ಹುಡುಗಿ ಪರೀಕ್ಷೆಗೆ ಬಂದಿರಲಿಲ್ಲ ಎನ್ನಿ. ಅಂಕ ಬರೆದವರು ಅವಳ ಜಾಗ ಖಾಲಿ ಬಿಡದೆ ಮುಂದಿನ ಹುಡುಗನ 38 ಬರೆದುಬಿಟ್ಟರು. ಗೈರಾದವಳು 38 ಪಡೆದು ಪಾಸಾದಳು; ಅಲ್ಲಿಂದ ಕೆಳಗೆ ಎಲ್ಲರಿಗೂ ತಮ್ಮ ಮುಂದಿನವರ ಅಂಕ, ಕೊನೆಯವನಿಗೆ ಖಾಲಿ ಮನೆ. ಪಟ್ಟಿ ಮಾತ್ರ ನೋಡಲು ಬಲು ಅಚ್ಚುಕಟ್ಟು!

ಅದಕ್ಕೇ ಅಂಟಿಸಿದ ಕೂಡಲೇ ಎರಡೂ ಕಾಲಂ ಎಣಿಸಬೇಕು:

```
=COUNTA(A2:A43)
=COUNTA(B2:B43)
```

42 ಮತ್ತು 41 ಬಂದರೆ ಎಲ್ಲೋ ಸಾಲು ಜಾರಿರಬಹುದು. ಮೊದಲ ಸಾಲು ತಲೆಬರಹವಾದ್ದರಿಂದ ಅವಳ ಅಂಕದ ಮನೆ B18. ಅಲ್ಲಿಂದ ಅಂಕಗಳನ್ನು ಒಂದು ಮನೆ ಕೆಳಕ್ಕೆ ಸರಿಸಿ, ಖಾಲಿಯಾದ ಕಡೆ ‘ಗೈರು’ ಎಂದು ಬರೆಯಿರಿ. COUNTA ಅಕ್ಷರವನ್ನೂ ಎಣಿಸುವುದರಿಂದ ಈಗ ಲೆಕ್ಕ ಸರಿಹೋಗುತ್ತದೆ.

ಒಬ್ಬರ ಅಂಕ ಬಿಟ್ಟು ಇನ್ನೊಬ್ಬರದನ್ನು ಎರಡು ಸಲ ಬರೆದಿದ್ದರೆ ಎಣಿಕೆಯೂ ಮೋಸ ಮಾಡುತ್ತದೆ. ಹಾಗಾಗಿ ಮೊದಲು, ನಡು, ಕೊನೆಯ ಉತ್ತರಪತ್ರಿಕೆಗಳನ್ನು ತೆಗೆದು ಪಟ್ಟಿಯೊಂದಿಗೆ ತಾಳೆ ನೋಡಿ. ಮುಂದಿನ ಸಲ ಅಂಕದ ಪಕ್ಕ ರೋಲ್ ನಂಬರ್ ಬರೆಸಿಕೊಳ್ಳಿ.