ಕ್ಷಮೆ ಒಂದೇ ಸಲ

ನನ್ನ ಅಕ್ಕನ ಮಗಳು ವಿದೇಶದ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕಿದ್ದಳು. ಅದಕ್ಕೆ ಕಾಲೇಜಿನ ಮೇಷ್ಟ್ರೊಬ್ಬರ ರೆಫರೆನ್ಸ್ ಲೆಟರ್ ಬೇಕು. ಬರೆದುಕೊಡುತ್ತೇನೆಂದು ಅವರು ಒಪ್ಪಿ ತಿಂಗಳಾಗಿತ್ತು, ಪತ್ರ ಮಾತ್ರ ಹೋಗಿರಲಿಲ್ಲ. ನೆನಪಿಸಲು ಅವಳು ವಾಟ್ಸಾಪಿನಲ್ಲಿ ಬರೆದು, ಕಳಿಸುವ ಮೊದಲು ನನಗೆ ತೋರಿಸಿದಳು:

“ನಮಸ್ತೆ ಸರ್, ತೊಂದರೆ ಕೊಡ್ತಿರೋದಕ್ಕೆ ದಯವಿಟ್ಟು ಕ್ಷಮಿಸಿ. ನೀವು ತುಂಬಾ ಬ್ಯುಸಿ ಇರ್ತೀರಿ ಅಂತ ಗೊತ್ತು. ಮತ್ತೆ ಮತ್ತೆ ಕೇಳೋಕೆ ನನಗೇ ಸಂಕೋಚ ಆಗ್ತಿದೆ, ತಪ್ಪು ತಿಳ್ಕೋಬೇಡಿ. ಸುಮ್ಮನೆ ನೆನಪಿಸೋಣ ಅಂತ ಅಷ್ಟೇ. ಹೋದ ತಿಂಗಳು ರೆಫರೆನ್ಸ್ ಲೆಟರ್ ಬಗ್ಗೆ ಹೇಳಿದ್ದೆ, ನೀವೂ ಬರೆದುಕೊಡ್ತೀನಿ ಅಂದಿದ್ರಿ. ಅಂಕಪಟ್ಟಿ ಕಳಿಸ್ತೀನಿ ಅಂದಿದ್ದೆ, ಅದೂ ಆಗಲಿಲ್ಲ, ಸಾರಿ ಸರ್. ಕೊನೇ ದಿನ ಹತ್ತಿರ ಬರ್ತಿದೆ. ಆಗದಿದ್ರೂ ಪರವಾಗಿಲ್ಲ ಸರ್. ಮತ್ತೊಮ್ಮೆ ಸಾರಿ.”

ಒಂಬತ್ತು ವಾಕ್ಯ. ವಿಷಯ ಶುರುವಾಗುವುದು ಐದನೆಯದರಲ್ಲಿ. ಫೋನಿನ ಪರದೆಯ ಮೇಲೆ ಇಣುಕುವುದು ಮೊದಲ ಒಂದೆರಡು ಸಾಲು ಮಾತ್ರ. ಅಲ್ಲಿ ಮೇಷ್ಟ್ರಿಗೆ ಕಾಣುವುದು ಯಾರಿಗೋ ಏನೋ ತೊಂದರೆ ಎಂಬುದಷ್ಟೇ. ತೆರೆದು ಓದಿದರೂ ಕೊನೇ ದಿನ ಯಾವುದೆಂದು ಗೊತ್ತಾಗುವುದಿಲ್ಲ. ಇಷ್ಟೆಲ್ಲ ಕ್ಷಮೆ ಕೇಳಿದವಳಿಗೆ ಅವರು ಮೊದಲು “ಅಯ್ಯೋ, ಪರವಾಗಿಲ್ಲಮ್ಮ” ಎಂದು ಸಮಾಧಾನ ಹೇಳಬೇಕು. ತೊಂದರೆ ಕೊಡಬಾರದೆಂದು ಬರೆದ ಮಾತೇ ಅವರಿಗೊಂದು ಕೆಲಸ ಹಚ್ಚಿತು.

ನನಗೆ ಹೆಚ್ಚು ಕಳವಳವಾದದ್ದು “ಆಗದಿದ್ರೂ ಪರವಾಗಿಲ್ಲ” ಎಂಬ ಮಾತಿನಿಂದ. ಅದು ನಿಜವಲ್ಲ. ಪತ್ರ ಹೋಗದಿದ್ದರೆ ಅರ್ಜಿ ಪೂರ್ತಿಯಾಗುವುದಿಲ್ಲ. ಕೆಲಸದ ಒತ್ತಡದಲ್ಲಿರುವ ಒಳ್ಳೆಯ ಮನುಷ್ಯರು ಅದನ್ನು ನಂಬಿಬಿಡುತ್ತಾರೆ, ತಮ್ಮ ಪಟ್ಟಿಯಲ್ಲಿ ಕೆಳಕ್ಕೆ ಸರಿಸುತ್ತಾರೆ.

ಮೇಷ್ಟ್ರಿಗೆ ತಿಳಿಯಲೇಬೇಕಾದುದಕ್ಕೆ ಗೆರೆ ಎಳೆ ಎಂದೆ. ಯಾವ ಪತ್ರ, ಯಾವ ತಾರೀಕಿನೊಳಗೆ, ಎಲ್ಲಿಗೆ ಕಳಿಸಬೇಕು. ಗೆರೆ ಬಿದ್ದದ್ದು ಒಂದೂವರೆ ವಾಕ್ಯಕ್ಕೆ. ತಾರೀಕು ಇರಲೇ ಇಲ್ಲ. ಪತ್ರ ಹಾಕುವ ಲಿಂಕನ್ನು ವಿಶ್ವವಿದ್ಯಾಲಯವೇ ಮೇಷ್ಟ್ರ ಇಮೇಲಿಗೆ ಕಳಿಸುತ್ತದೆ, ಅದು ಎಷ್ಟೋ ಸಲ ಸ್ಪ್ಯಾಮ್‌ಗೆ ಬೀಳುತ್ತದೆ. ಅದರ ಸುದ್ದಿಯೂ ಇರಲಿಲ್ಲ.

ಅವಳು ತಿದ್ದಿ ತಂದಳು: “ಸರ್, ರೆಫರೆನ್ಸ್ ಲೆಟರ್ ಡಿ. 15ರೊಳಗೆ ಕಳಿಸಿ.” ಈಗ ಗಾಡಿ ಇನ್ನೊಂದು ಬದಿಯ ಚರಂಡಿಗೆ ಇಳಿದಿತ್ತು. ಚಿಕ್ಕದೇನೋ ಹೌದು, ಆದರೆ ಮೇಷ್ಟ್ರಿಗೆ ಆಜ್ಞೆ ಕೊಟ್ಟಂತೆ.

ಇಲ್ಲಿ ಕನ್ನಡ ತಾನೇ ಕೈಹಿಡಿಯುತ್ತದೆ. “ಕಳಿಸಿ” ಎಂದರೆ ಕೆಲಸವೊಂದೇ. “ಕಳಿಸಿಕೊಡಿ” ಎಂದ ಕೂಡಲೇ ನನಗೋಸ್ಕರ ಎಂಬ ಸಲಿಗೆ ಬಂತು. “ಕಳಿಸಿಕೊಡುತ್ತೀರಾ?” ಎಂದರೆ ಆ ಸಲಿಗೆಯ ಜೊತೆಗೆ ಅವರ ಒಪ್ಪಿಗೆಯನ್ನೂ ಕೇಳಿದಂತಾಯಿತು. ಗೌರವ ಹೀಗೆ ಕ್ರಿಯಾಪದದ ತುದಿಯಲ್ಲೇ ಕೂತಿರುವಾಗ ಅದಕ್ಕಾಗಿ ಬೇರೆ ಕ್ಷಮಾಪಣೆ ಬೇಕಿಲ್ಲ.

ಹಾಗೆಂದು ಕ್ಷಮೆಯನ್ನು ಪೂರ್ತಿ ತೆಗೆಯುವುದೂ ಸರಿಯಲ್ಲ. ಅಂಕಪಟ್ಟಿ ಕಳಿಸದೆ ಉಳಿದದ್ದು ಅವಳದೇ ತಪ್ಪು. ಮೂರು ಕಡೆ ಚೆಲ್ಲಿದ್ದ ಕ್ಷಮೆ ಅಲ್ಲಿಗೆ ಒಂದೇ ಸಲ ಬರಲಿ, ಪಕ್ಕದಲ್ಲೇ ಅಂಕಪಟ್ಟಿಯೂ ಇರಲಿ ಎಂದೆ.

ಇನ್ನು ಅಕ್ಕರೆ. ಆ ಮೇಷ್ಟ್ರ ಬಗ್ಗೆ ನಿನಗೆ ನೆನಪಿರುವುದೇನು ಎಂದು ಕೇಳಿದೆ. ಕೆರೆ ನೀರಿನ ಪ್ರಾಜೆಕ್ಟಿಗೆ ಅವಳು ತಂದ ಮಾದರಿ ಸರಿಯಿಲ್ಲವೆಂದು ಅವರು ಮೂರು ಸಲ ವಾಪಸು ಕಳಿಸಿದ್ದರಂತೆ. ಹೇಳುವಾಗ ಅವಳ ಮುಖ ಅರಳಿತು. ಅಷ್ಟುದ್ದದ ಮೊದಲ ಕರಡಿನಲ್ಲಿ ಇದರ ಒಂದಕ್ಷರವೂ ಇರಲಿಲ್ಲ. ಕ್ಷಮೆ ಅವಳ ಅಳುಕಿನ ಮಾತಾಗಿತ್ತು, ಕೆರೆಯ ಮಾತು ಅವರಿಬ್ಬರದು.

ಕೊನೆಗೆ ಹೋದದ್ದು ಇದು:

“ಸರ್, ನಮಸ್ಕಾರ. ನೀವು ಬರೆದುಕೊಡುತ್ತೇನೆ ಅಂದಿದ್ದ ರೆಫರೆನ್ಸ್ ಲೆಟರ್‌ಗೆ ಡಿಸೆಂಬರ್ 15, ಸೋಮವಾರ ಕೊನೇ ದಿನ. ಪತ್ರ ಹಾಕುವ ಲಿಂಕ್ ವಿಶ್ವವಿದ್ಯಾಲಯದಿಂದ ನಿಮ್ಮ ಇಮೇಲಿಗೆ ಬಂದಿದೆ, ಕಾಣದಿದ್ದರೆ ಸ್ಪ್ಯಾಮ್‌ನಲ್ಲಿರಬಹುದು. ಅಂಕಪಟ್ಟಿ ಕಳಿಸುವುದು ತಡವಾಯಿತು, ಕ್ಷಮಿಸಿ, ಇದರ ಜೊತೆಗಿದೆ. ನೀವು ಮೂರು ಸಲ ಕೆರೆಗೆ ಓಡಿಸಿ ಮಾಡಿಸಿದ ಪ್ರಾಜೆಕ್ಟನ್ನೇ ಅರ್ಜಿಯಲ್ಲಿ ಮೊದಲು ಬರೆದಿದ್ದೇನೆ. ಶುಕ್ರವಾರದೊಳಗೆ ಕಳಿಸಿಕೊಡುತ್ತೀರಾ?”

ಕೊನೇ ದಿನ ಸೋಮವಾರ, ಕೇಳಿದ್ದು ಶುಕ್ರವಾರಕ್ಕೆ. ಲಿಂಕ್ ತೆರೆಯದೆ ಹೋದರೆ ಸರಿಪಡಿಸಲು ನಡುವೆ ಎರಡು ದಿನ ಸಿಗಲೆಂದು. ಎರಡೂ ತಾರೀಕು ಮುಚ್ಚಿಡದೆ ಹೇಳಿದ್ದರಿಂದ ಅದರಲ್ಲಿ ಒತ್ತಾಯವೂ ಇಲ್ಲ, ಸುಳ್ಳೂ ಇಲ್ಲ.

ತೀರಾ ಪರಿಚಯವಿಲ್ಲದವರಿಗೆ ಬರೆಯುವಾಗ ಕೆರೆಯಂಥ ಸಾಲು ಸಿಗುವುದಿಲ್ಲ. ಆಗ ಅದನ್ನು ಕಟ್ಟಿ ತರಬಾರದು, ಹಿಂದೆ ಅವರು ಆಡಿದ ಒಂದು ಮಾತನ್ನು ನೆನೆದರೆ ಸಾಕು.

ಅವತ್ತು ರಾತ್ರಿ ಮೇಷ್ಟ್ರ ಉತ್ತರ ಬಂತು: “ಲಿಂಕ್ ಸ್ಪ್ಯಾಮ್‌ನಲ್ಲೇ ಇತ್ತಮ್ಮ. ನಾಳೆ ಹಾಕ್ತೀನಿ. ಮೂರಲ್ಲ, ನಾಲ್ಕು ಸಲ ಕಳಿಸಿದ್ದೆ ಕೆರೆಗೆ.”